ಹೊಸ ಬನ್ನಿಗೆ ಮೂರು ಕೌಂಟ್‌ಡೌನ್ ವಿಡಿಯೋ: ಮೂರಕ್ಕೂ ಬೇರೆ ಬೇರೆ ಹುಕ್ ಬೇಕಾ?

ತುಮಕೂರು_ಬೇಕರಿ
ನಮ್ಮದು ತುಮಕೂರಿನಲ್ಲಿ ಚಿಕ್ಕ ಬೇಕರಿ. ಅಪ್ಪ ಓವನ್ ಕಡೆ, ನಾನು ಕೌಂಟರ್ ಕಡೆ. ಈ ಸಲ ಸಂಕ್ರಾಂತಿಗೆ ಮುಂಚೆ ಹಿದುಕಿದ ಅವರೆಬೇಳೆ ತುಂಬಿದ ಬನ್ ಬಿಡುತ್ತಿದ್ದೇವೆ. ಜನವರಿ 10, ಶನಿವಾರ ಸಂಜೆ ಶುರು. ಅದಕ್ಕೆ ಇನ್‌ಸ್ಟಾಗ್ರಾಂನಲ್ಲಿ ಮೂರು ರೀಲ್ ಹಾಕುವ ಯೋಚನೆ. ಬುಧವಾರ, ಗುರುವಾರ, ಶುಕ್ರವಾರ ಒಂದೊಂದು.

ವಿಡಿಯೋ ಮಾಡಿಕೊಡುವ ಒಬ್ಬರು ಸ್ಯಾಂಪಲ್ ಕಳಿಸಿದ್ದಾರೆ. ಮೂರೂ ಒಂದೇ ಥರ ಶುರುವಾಗುತ್ತೆ. ಕಪ್ಪು ಸ್ಕ್ರೀನ್, ಡಬ್ ಡಬ್ ಅಂತ ಸದ್ದು, ನಮ್ಮ ಲೋಗೋ ತಿರುಗುತ್ತಾ ಬರುತ್ತೆ, ಆಮೇಲೆ "3 ದಿನ ಬಾಕಿ". ಮಾರನೇ ದಿನ "2 ದಿನ ಬಾಕಿ". ಬನ್ ಕಾಣುವುದು ಮೂರನೇ ವಿಡಿಯೋದ ಕೊನೆಯಲ್ಲಿ ಮಾತ್ರ. ನನಗೇನೋ ಇಷ್ಟವಾಯಿತು. ಅಕ್ಕ ನೋಡಿ "ಇದು ಬೇಕರಿದಾ, ಸಿನಿಮಾದಾ?" ಅಂದಳು. ಮೂರಕ್ಕೂ ಬೇರೆ ಬೇರೆ ಹುಕ್ ಬೇಕು ಅಂತ ಅವಳ ವಾದ. ಒಂದೇ ಥರ ಶುರುವಾದರೆ ತಾನೇ ಜನಕ್ಕೆ ಇದು ಸರಣಿ ಅಂತ ಗುರುತು ಸಿಗೋದು ಅಂತ ನನ್ನ ವಾದ. ಇಂಥದ್ದು ಮಾಡಿದವರು ಹೇಳಿ.

ಸಂಜೆ_ಟೀ
ನನ್ನ ವೋಟು ಅಕ್ಕನಿಗೆ. ಬನ್ ಎಷ್ಟು ರೂಪಾಯಿ?

ತುಮಕೂರು_ಬೇಕರಿ
30.

ಸಂಜೆ_ಟೀ
ಸ್ವಲ್ಪ ಜಾಸ್ತಿ ಆಯ್ತು. ಸರಿ, ಚರ್ಚೆ ಮುಂದುವರಿಸಿ.

ಮಾರ್ಕೆಟಿಂಗ್_ಮಂಜ
ತುಂಬಾ ಸಿಂಪಲ್ ಬ್ರದರ್. ಹುಕ್ ಅಂದರೆ ಮೊದಲ ಮೂರು ಸೆಕೆಂಡ್. ಅಷ್ಟರಲ್ಲಿ ಬನ್ ಕಾಣಿಸಿಬಿಡಬೇಕು, ಮೂರೂ ವಿಡಿಯೋದಲ್ಲಿ. ಟ್ರೆಂಡಿಂಗಲ್ಲಿರೋ ಸಿನಿಮಾ ಹಾಡು ಹಾಕಿ, ದಿನಾ ಒಂದೇ ಟೈಮಿಗೆ ಪೋಸ್ಟ್ ಮಾಡಿ. ಜನ ಮೊದಲನೆಯದು ನೋಡಿ ಎರಡನೆಯದಕ್ಕೆ ಕಾಯುತ್ತಾರೆ, ಎರಡನೆಯದು ನೋಡಿ ಮೂರನೆಯದಕ್ಕೆ. ಇದೇ ಕೌಂಟ್‌ಡೌನ್ ಮಜಾ.

ಎಡಿಟ್_ಟೇಬಲ್
ಹೋಟೆಲ್, ಬೇಕರಿ, ಬಟ್ಟೆ ಅಂಗಡಿಗಳ ವಿಡಿಯೋ ಎಡಿಟ್ ಮಾಡುವುದೇ ನನ್ನ ಕೆಲಸ. ಮಂಜ ಅವರು ಹೇಳಿದ್ದರಲ್ಲಿ ಮೊದಲ ಮೂರು ಸೆಕೆಂಡಿನ ಮಾತು ಸರಿ. ಜನ ಕಾಯುತ್ತಾರೆ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ರೀಲ್ ಯಾರಿಗೆ ಯಾವಾಗ ಕಾಣುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಬುಧವಾರ ಹಾಕಿದ್ದು ಒಬ್ಬರಿಗೆ ಬುಧವಾರವೇ ಕಾಣುತ್ತೆ, ಇನ್ನೊಬ್ಬರಿಗೆ ಭಾನುವಾರ. ಕೆಲವರಿಗೆ ಎರಡನೆಯದು ಮಾತ್ರ ಸಿಗುತ್ತೆ, ಉಳಿದೆರಡು ಸಿಗುವುದೇ ಇಲ್ಲ. ಜೊತೆಗೆ ರೀಲ್ ಓಡಿತು ಅಂದರೆ ನೋಡಿದವರಲ್ಲಿ ಬಹಳ ಜನ ನಿಮ್ಮನ್ನು ಫಾಲೋ ಮಾಡದವರೇ ಆಗಿರುತ್ತಾರೆ. ಅವರಿಗೆ ನಿಮ್ಮ ಲೋಗೋ ಗೊತ್ತಿಲ್ಲ. "3 ದಿನ ಬಾಕಿ" ಅಂದರೆ ಯಾವುದಕ್ಕೆ ಬಾಕಿ, ಯಾವತ್ತಿನಿಂದ ಲೆಕ್ಕ, ಅದೂ ಗೊತ್ತಾಗಲ್ಲ. ಅದೇ ವಿಡಿಯೋ ಭಾನುವಾರ ಕಂಡರೆ ಅವರು ಮಂಗಳವಾರ ಅಥವಾ ಬುಧವಾರ ಬರುತ್ತಾರೆ.

ಹಾಗಾಗಿ ಮೂರು ವಿಡಿಯೋದಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ತಾನೇ ಅರ್ಥ ಆಗಬೇಕು. ಸ್ಕ್ರೀನ್ ಮೇಲೆ "3 ದಿನ" ಬೇಡ, "ನಾಳೆ" ಬೇಡ. "ಜನವರಿ 10, ಶನಿವಾರ, ಸಂಜೆ 4" ಅಂತಲೇ ಹಾಕಿ. ದಿನ ಎಣಿಸುವುದನ್ನು ಸ್ಟೋರಿಗೆ ಬಿಡಿ. ಅದು 24 ಗಂಟೆಗೆ ಮಾಯ ಆಗುತ್ತೆ, ಹೆಚ್ಚಾಗಿ ನೋಡುವವರು ನಿಮ್ಮ ಫಾಲೋವರ್‌ಗಳೇ. ಅಲ್ಲಿ ಕೌಂಟ್‌ಡೌನ್ ಸ್ಟಿಕ್ಕರ್ ಇದೆ, ಜನ ಒತ್ತಿದರೆ ಆ ಹೊತ್ತಿಗೆ ಅವರಿಗೆ ನೆನಪಿಸುತ್ತೆ.

ಬೇರೆ ಬೇರೆ ಹುಕ್ ಬೇಕಾಗುವುದೂ ಇದಕ್ಕೇ. ಒಂದೇ ಹುಕ್ಕು ಮೊದಲ ದಿನ ಹಿಡಿಯಲಿಲ್ಲ ಅಂದರೆ ಉಳಿದೆರಡು ದಿನವೂ ಅದೇ ಕಥೆ. ಬೇರೆ ಬೇರೆ ಇದ್ದರೆ ಅಡುಗೆ ನೋಡುವವರು ಒಂದಕ್ಕೆ ನಿಲ್ಲುತ್ತಾರೆ, ಮಾತು ಕೇಳುವವರು ಇನ್ನೊಂದಕ್ಕೆ, ಹಸಿದವರು ಮತ್ತೊಂದಕ್ಕೆ.

ಮಾರ್ಕೆಟಿಂಗ್_ಮಂಜ
ಆದರೂ ಸರ್, ಹಾಡಿನ ವಿಷಯದಲ್ಲಿ ನಾನು ಹೇಳಿದ್ದು ಸರಿ ತಾನೇ?

ಎಡಿಟ್_ಟೇಬಲ್
ಸರ್ ಅಲ್ಲ, ಮೇಡಂ. ಹಾಡಿನ ವಿಷಯವೂ ತಪ್ಪು. ಬಿಸಿನೆಸ್ ಅಕೌಂಟಿಗೆ ಸಿನಿಮಾ ಹಾಡುಗಳ ಪಟ್ಟಿ ಪೂರ್ತಿ ಸಿಗುವುದಿಲ್ಲ. ಹೊರಗಿನಿಂದ ತಂದು ಅಂಟಿಸಿದರೆ ವಿಡಿಯೋ ಮ್ಯೂಟ್ ಆಗಬಹುದು, ಹಕ್ಕುದಾರರಿಂದ ನೋಟಿಸೂ ಬರಬಹುದು. ಪರ್ಸನಲ್ ಅಕೌಂಟಿನಿಂದ ಹಾಕಿದರೂ ವ್ಯಾಪಾರಕ್ಕೆ ಬಳಸಿದರೆ ಅದು ವ್ಯಾಪಾರವೇ. ಅದೂ ಅಲ್ಲದೆ ಬೇಕರಿಯಲ್ಲಿ ಎಷ್ಟು ಒಳ್ಳೆ ಸದ್ದುಗಳಿವೆ ಮಾರಾಯ್ರೇ. ಟ್ರೇ ಓವನ್‌ಗೆ ಜಾರುವ ಸದ್ದು, ಚಾಕು ಟೋಸ್ಟ್ ಕೊಯ್ಯುವ ಸದ್ದು. ಅದನ್ನೇ ರೆಕಾರ್ಡ್ ಮಾಡಿ.

ಹುಬ್ಬಳ್ಳಿ_ಮಂದಿ
ನಮ್ಮ ಅಂಗಡಿಯೊಳಗೂ ಇದನ್ನ ಮಾಡಿದ್ವಿ ರೀ. ಹೊಸ ವರ್ಷದ ಕೇಕಿಗೆ ಡಿಸೆಂಬರ್ 31ಕ್ಕೆ ಕೌಂಟ್‌ಡೌನ್. "10 ದಿನ, 9 ದಿನ" ಅಂತ ದಿನಾ ಒಂದು ಫೋಟೋ. ಆರ್ಡರ್ ಚಲೋ ಬಂದವು. ನೀವು ಅಡ್ವಾನ್ಸ್ ಎಷ್ಟು ತಗೋತೀರಿ? ಅರ್ಧ ತಗೋರಿ, ಇಲ್ಲಾಂದ್ರ ಕೇಕ್ ಮಾಡಿದ ಮ್ಯಾಲೆ ಬರೋದೇ ಇಲ್ಲ ಮಂದಿ.

ತುಮಕೂರು_ಬೇಕರಿ
ಅಣ್ಣ, ಇದು ಕೇಕ್ ಅಲ್ಲ, ಬನ್. ಅಡ್ವಾನ್ಸ್ ಇಲ್ಲ, ಬಂದು ತಗೊಂಡು ತಿನ್ನೋದು.

ಹುಬ್ಬಳ್ಳಿ_ಮಂದಿ
ಹೌದಾ. ಹಂಗಾದ್ರ ಸುಲಭ ಐತಿ.

ಎಡಿಟ್_ಟೇಬಲ್
ಅವರ ಹೊಸ ವರ್ಷದ ಲೆಕ್ಕಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಡಿಸೆಂಬರ್ 31 ಎಲ್ಲರ ತಲೆಯಲ್ಲೂ ಮೊದಲೇ ಇದೆ. ಅಲ್ಲಿ ಅಂಕಿಗೇ ಬೆಲೆ ಇದೆ. ನಿಮ್ಮ 10ನೇ ತಾರೀಕನ್ನು ಯಾರೂ ಕಾಯುತ್ತಿಲ್ಲ. ಹಾಗಾಗಿ ಮೊದಲು ಬನ್ ಮೇಲೆ ಆಸೆ ಹುಟ್ಟಬೇಕು.

ಕೋಲಾರದ_ಗೌಡ
ವಿಡಿಯೋ ಆಮೇಲೆ. ಅವರೆಕಾಯಿ ಎಲ್ಲಿಂದ ತರ್ತಿದ್ದೀರಿ? ಸೊಗಡು ಇಲ್ಲದ ಕಾಯಿ ತಂದು ಬನ್ನಿಗೆ ತುಂಬಿದರೆ ಅದು ಬಟಾಣಿ ಬನ್ ಆಗುತ್ತೆ ಅಷ್ಟೆ. ಮಂಜು ಬಿದ್ದ ಕಾಯಿಗೆ ಕೈ ಅಂಟಂಟು ಆಗಬೇಕು.

ತುಮಕೂರು_ಬೇಕರಿ
ಮಾಗಡಿ ಕಡೆಯಿಂದ ಗೌಡ್ರೇ. ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಅಮ್ಮ, ಅತ್ತೆ, ಪಕ್ಕದ ಮನೆಯವರು ಕೂತು ಹಿದುಕುತ್ತಾರೆ. ಬೇಳೆ ಬೇಯಿಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ, ತೆಂಗಿನಕಾಯಿ ಹಾಕಿ ಪಲ್ಯದ ಥರ ಒಣಗಿಸುತ್ತೇವೆ. ನೀರಿನಂಶ ಉಳಿದರೆ ಬನ್ನಿನ ತಳ ಹಸಿಹಸಿ ಆಗುತ್ತೆ. ಪೂರ್ತಿ ಆರಿದ ಮೇಲೆಯೇ ತುಂಬೋದು. 60 ಗ್ರಾಂ ಹಿಟ್ಟಿಗೆ 30 ಗ್ರಾಂ ಪಲ್ಯ.

ಬಸವನಗುಡಿ_ಬಾಯಿ
ಈರುಳ್ಳಿ ಹಾಕ್ತೀರಾ??? ಹಿದುಕಿದ ಬೇಳೆಗೆ ಈರುಳ್ಳಿ ಯಾಕೆ ಸ್ವಾಮಿ? ಸೊಗಡೇ ಮುಚ್ಚಿಹೋಗುತ್ತೆ.

ಕೋಲಾರದ_ಗೌಡ
ಈರುಳ್ಳಿ ಇಲ್ಲದೆ ಖಾರದ ಬನ್ನಾ? ಆಸ್ಪತ್ರೆಯಲ್ಲಿ ಕೊಡೋ ಬನ್ ಥರ ಇರುತ್ತೆ.

ಬಸವನಗುಡಿ_ಬಾಯಿ
ಬೆಂಗಳೂರಿನ ಅವರೆ ಮೇಳಕ್ಕೆ ಬಂದು ನೋಡಿ, ಅವರೆಯಲ್ಲಿ ಜಿಲೇಬಿ, ಐಸ್‌ಕ್ರೀಮ್ ಕೂಡ ಮಾಡ್ತಾರೆ. ಅದಕ್ಕೆಲ್ಲ ಈರುಳ್ಳಿ ಹಾಕ್ತಾರಾ?

ಸಂಜೆ_ಟೀ
ಜಿಲೇಬಿಗೆ ಈರುಳ್ಳಿ ಹಾಕಿ ಅಂತ ಯಾರೂ ಹೇಳಿಲ್ಲ ಮೇಡಂ 😂

ಎಡಿಟ್_ಟೇಬಲ್
ಜಗಳ ನಿಲ್ಲಿಸಬೇಡಿ, ಇದೇ ನಿಮ್ಮ ಎರಡನೇ ವಿಡಿಯೋ. ತಮಾಷೆಗೆ ಹೇಳುತ್ತಿಲ್ಲ. ತುಮಕೂರಿನವರೇ, ಮೂರನ್ನೂ ಬಿಡಿಸಿ ಹೇಳುತ್ತೇನೆ ನೋಡಿ.

ಮೊದಲನೆಯದು, ಬುಧವಾರ. ಹಿದುಕುವ ಕೈ. ವಿಡಿಯೋ ಶುರುವಾಗುವ ಹೊತ್ತಿಗೆ ಹೆಬ್ಬೆರಳು ಆಗಲೇ ಕಾಳು ಒತ್ತುತ್ತಿರಬೇಕು, ಅರ್ಧ ಸೆಕೆಂಡಿನಲ್ಲಿ ಸಿಪ್ಪೆಯಿಂದ ಬೇಳೆ ಪಚಕ್ ಅಂತ ಹಾರಬೇಕು. ಕೈ ಪಾತ್ರೆಗೆ ಹೋಗಿ ಕಾಳು ತೆಗೆದುಕೊಳ್ಳುವುದೆಲ್ಲ ಬೇಡ. ಸ್ಕ್ರೀನ್ ಮೇಲೆ ಒಂದೇ ಸಾಲು: "ಈ ಕೆಲಸ ಬೇಕರಿಯಲ್ಲಿ ಯಾಕೆ ನಡೀತಿದೆ?" ಆಮೇಲೆ ಹಿದುಕಿದ ಬೇಳೆಯ ರಾಶಿ, ಒಗ್ಗರಣೆ, ಹಿಟ್ಟಿನ ಉಂಡೆ ಮುಚ್ಚುವ ಬೆರಳು, ಟ್ರೇ ಒಳಗೆ. ಹತ್ತು ಹನ್ನೆರಡು ಸೆಕೆಂಡಿಗೆ ಮುಗಿಸಿ. ಕೇಳಿದ ಪ್ರಶ್ನೆಗೆ ಉತ್ತರ ಅದೇ ವಿಡಿಯೋದಲ್ಲಿ ಸಿಗಬೇಕು. "ಉತ್ತರಕ್ಕೆ ನಾಳೆ ನೋಡಿ" ಅಂದರೆ ಕೆಳಗೆ ಬೈಗುಳ ಬೀಳುತ್ತೆ.

ಎರಡನೆಯದು, ಗುರುವಾರ. ಮುಖ ಮತ್ತು ಮಾತು. ನಿಮ್ಮ ಅಪ್ಪ ಕ್ಯಾಮೆರಾ ನೋಡಿ ಒಂದು ಮಾತು ಹೇಳಬೇಕು: "ಹಿದುಕಿದ ಬೇಳೆಗೆ ಈರುಳ್ಳಿ ಹಾಕಬಾರದು ಅಂತ ನಮ್ಮ ಮನೆಯವಳು ಹೇಳ್ತಾಳೆ." ಕಟ್ ಮಾಡಿದರೆ ಅಮ್ಮ. ಇದಕ್ಕೆ ಕಾಮೆಂಟ್ ಬರುತ್ತೆ, ಜೊತೆಗೆ ಜನ ತಮ್ಮ ಮನೆಯವರಿಗೆ ಕಳಿಸುತ್ತಾರೆ. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸೆರಿ ತಾವೇ ಹೇಳಿರುವ ಪ್ರಕಾರ, ರೀಲ್ ಹೆಚ್ಚು ಜನಕ್ಕೆ ತಲುಪೋಕೆ ಮುಖ್ಯವಾಗಿ ನೋಡುವುದು ಮೂರು: ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು. ಹೊಸಬರನ್ನು ಮುಟ್ಟೋಕೆ ಕೊನೆಯದು ತುಂಬಾ ಸಹಾಯ ಮಾಡುತ್ತೆ.

ಮೂರನೆಯದು, ಶುಕ್ರವಾರ. ಬನ್ ಮುರಿಯುವುದು. ಮಂಜ ಅವರು ಹೇಳಿದ್ದು ಇಲ್ಲಿಗೆ ಸರಿ, ಮೊದಲ ಫ್ರೇಮಿನಲ್ಲೇ ಬನ್. ಎರಡು ಹೆಬ್ಬೆರಳು, ಬಿರುಕು, ಹಬೆ, ಒಳಗೆ ಹಸಿರು ಬೇಳೆ. ಇಲ್ಲಿ ಒಗಟು ಬೇಡ. ಬೆಲೆ, ಜಾಗ, ದಿನ, ಹೊತ್ತು, ಎಲ್ಲವನ್ನೂ ಹೇಳಿ. ಇದನ್ನು ನೋಡುವಾಗ ಜನ ನಾಳೆ ಸಂಜೆ ಟೀಗೆ ಏನು ಅಂತ ಯೋಚಿಸುತ್ತಿರಬೇಕು.

ತುಮಕೂರು_ಬೇಕರಿ
ಮೇಡಂ, ಮೊದಲ ವಿಡಿಯೋದಲ್ಲೇ ಅವರೆಬೇಳೆ ತೋರಿಸಿಬಿಟ್ಟರೆ ಗುಟ್ಟು ರಟ್ಟಾಗಲ್ವಾ? ಪಕ್ಕದ ಬೀದಿಯವರು ಶುಕ್ರವಾರವೇ ಬಿಟ್ಟುಬಿಡ್ತಾರೆ.

ಹಳೇ_ಮಾಸ್ಟರ್
ಬಿಡೋಕಾಗಲ್ಲ ತಮ್ಮಾ. ನಾನು ಓವನ್ ಮುಂದೆಯೇ ಆಯುಷ್ಯ ಕಳೆದವನು. ಪಲ್ಯ ಎಷ್ಟು ಒಣಗಬೇಕು, ಹಿಟ್ಟಿನ ಅಂಚು ಹೇಗೆ ಮುಚ್ಚಬೇಕು ಅಂತ ಕೈಗೆ ಬರೋಕೇ ಸಮಯ ಬೇಕು. ಅಂಚು ಸರಿಯಾಗಿ ಮುಚ್ಚದಿದ್ದರೆ ಓವನ್‌ನಲ್ಲಿ ಬಾಯಿ ಬಿಟ್ಟು ಪಲ್ಯ ಟ್ರೇ ಮೇಲೆ ಸುಟ್ಟು ಕೂರುತ್ತೆ. ಮುಚ್ಚಿದ ಕಡೆ ಕೆಳಗೆ ಬರುವಂತೆ ಇಡಬೇಕು. ಎರಡು ದಿನದಲ್ಲಿ ನಕಲು ಮಾಡಿದರೆ ಮೊದಲ ಟ್ರೇನಲ್ಲೇ ಕಾಣುತ್ತೆ.

ಮಾರ್ಕೆಟಿಂಗ್_ಮಂಜ
ನನಗಿನ್ನೂ ಒಪ್ಪಿಗೆ ಇಲ್ಲ. ಗುಟ್ಟು ಇಲ್ಲದ ಮೇಲೆ ಕೌಂಟ್‌ಡೌನ್ ಯಾಕೆ? ದೊಡ್ಡ ದೊಡ್ಡ ಫೋನ್ ಕಂಪನಿಗಳೆಲ್ಲ ಮುಚ್ಚಿಟ್ಟೇ ಅಲ್ವಾ ಮಾಡೋದು.

ಎಡಿಟ್_ಟೇಬಲ್
ಅವರಿಗೆ ಮೊದಲೇ ಕಾಯುವ ಜನ ಇದ್ದಾರೆ, ಪರದೆ ಹಾಕಿದರೂ ನಡೆಯುತ್ತೆ. ಊಟದ ವಿಷಯ ಬೇರೆ. ಏನು ಅಂತ ಗೊತ್ತಾದ ಮೇಲೆಯೇ ಬಾಯಲ್ಲಿ ನೀರೂರೋದು. ಮುಚ್ಚಿಡೋದಿದ್ದರೆ ಒಂದೇ ಮುಚ್ಚಿಡಿ, ಪೂರ್ತಿ ಬನ್ನಿನ ಒಳಗು. ಬೇಳೆ ಬುಧವಾರ ಕಾಣಲಿ, ಅಪ್ಪ ಅಮ್ಮ ಗುರುವಾರ ಜಗಳ ಆಡಲಿ, ಒಳಗೆ ಹೇಗಿದೆ ಅನ್ನೋದು ಶುಕ್ರವಾರ.

ಲೆಕ್ಕದ_ಪುಟ್ಟಣ್ಣ
ಎಲ್ಲರೂ ವಿಡಿಯೋ ಬಗ್ಗೆ ಮಾತಾಡ್ತಿದ್ದೀರಿ. ಶನಿವಾರ ಎಷ್ಟು ಬನ್ ಮಾಡೋಕಾಗುತ್ತೆ?

ತುಮಕೂರು_ಬೇಕರಿ
ಬೇಳೆ ಹಿದುಕೋದೇ ತಡ. ಒಟ್ಟು 160 ಆಗಬಹುದು. ಅರ್ಧ 4 ಗಂಟೆಗೆ ಹೊರಗೆ ಬರುತ್ತೆ, ಇನ್ನರ್ಧ ಐದೂವರೆಗೆ.

ಲೆಕ್ಕದ_ಪುಟ್ಟಣ್ಣ
ಹಾಗಾದರೆ ವಿಡಿಯೋದಲ್ಲಿ ಎರಡೂ ಹೊತ್ತು ಹೇಳಿ. ಬರೀ "ಸಂಜೆ 4" ಅಂದರೆ ಎಲ್ಲರೂ ನಾಲ್ಕಕ್ಕೇ ಬಂದು ನಿಲ್ತಾರೆ. 80 ಖಾಲಿ ಆದ ಮೇಲೆ ನಿಂತವರು ಐದೂವರೆವರೆಗೆ ಕಾಯಲ್ಲ, ಬೈದುಕೊಂಡು ಹೋಗ್ತಾರೆ. ನಮ್ಮ ಭಾವನ ಹೋಟೆಲಿಗೆ ಒಬ್ಬ ಫುಡ್ ವ್ಲಾಗರ್ ಬಂದು ವಿಡಿಯೋ ಹಾಕಿದ. ಯಾವಾಗ ಹಾಕ್ತೀನಿ ಅಂತ ಹೇಳಲಿಲ್ಲ. ಸೋಮವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಜನ. ಅಡುಗೆಮನೆಯಲ್ಲಿ ಇದ್ದದ್ದು ಇಬ್ಬರು. ಆ ವಾರ ಬಂದ ರೇಟಿಂಗ್ ಇನ್ನೂ ಅಲ್ಲೇ ಕೂತಿದೆ.

ತಲೆಗೆ ಎಷ್ಟು ಅಂತಲೂ ಹೇಳಿಬಿಡಿ. ಒಬ್ಬರೇ 20 ಕಟ್ಟಿಸಿಕೊಂಡು ಹೋದರೆ ಹಿಂದಿನವರ ಮುಖ ನೋಡೋಕಾಗಲ್ಲ.

ಎಡಿಟ್_ಟೇಬಲ್
ಪುಟ್ಟಣ್ಣ ಅವರ ಮಾತು ಬರೆದಿಟ್ಟುಕೊಳ್ಳಿ. "ಮೊದಲ ಓವನ್ 4ಕ್ಕೆ, ಎರಡನೆಯದು 5.30ಕ್ಕೆ, ಒಬ್ಬರಿಗೆ 4 ಬನ್." ಮೂರನೇ ವಿಡಿಯೋದ ಕೊನೆಯ ಸಾಲು ಇದೇ ಆಗಲಿ.

ಕ್ಯಾಮೆರಾ_ಕಿಟ್ಟಿ
ಶೂಟಿಂಗ್ ಬಗ್ಗೆ ನಾನು ಹೇಳ್ತೀನಿ. ಬೇಕರಿ ಒಳಗಿನ ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ ಫೋನಿನಲ್ಲಿ ತೆಗೆದರೆ ಪಟ್ಟೆ ಪಟ್ಟೆ ಓಡಿದ ಹಾಗೆ ಕಾಣುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್. ಫೋನಿನಲ್ಲಿ 25 ಫ್ರೇಮ್ ಸೆಟ್ಟಿಂಗ್ ಇದ್ದರೆ ಅದಕ್ಕೆ ಹಾಕಿ, ಇಲ್ಲಾಂದರೆ ಷಟರ್ 1/50ಕ್ಕೆ ಲಾಕ್ ಮಾಡಿ. ಅದೂ ಇಲ್ಲಾಂದರೆ ಲೈಟ್ ಆರಿಸಿ ಬಾಗಿಲ ಹತ್ತಿರ ಬೆಳಗಿನ ಬೆಳಕಲ್ಲಿ ತೆಗೀರಿ, ಅದೇ ಬೆಸ್ಟ್.

ಹಬೆ ಸುಮ್ಮನೆ ಕಾಣಲ್ಲ. ಬನ್ನಿನ ಹಿಂದೆ ಕಪ್ಪು ಇರಬೇಕು, ಬೆಳಕು ಹಿಂದಿನಿಂದ ಅಥವಾ ಪಕ್ಕದಿಂದ ಬರಬೇಕು. ಬಿಳಿ ಗೋಡೆ ಮುಂದೆ ಎಷ್ಟೇ ಬಿಸಿ ಬನ್ ಮುರಿದರೂ ಹಬೆ ಮಾಯ. ಫೋನ್ ತೀರಾ ಹತ್ತಿರ ಹಿಡಿದರೆ ಲೆನ್ಸ್ ಮಂಜಾಗುತ್ತೆ. ಸ್ವಲ್ಪ ದೂರ ನಿಂತು ಜೂಮ್ ಮಾಡಿ.

ಹಳೇ_ಮಾಸ್ಟರ್
ಓವನ್‌ನಿಂದ ತೆಗೆದ ತಕ್ಷಣ ಮುರಿಯಬೇಡ. ಒಳಗೆ ಇನ್ನೂ ಅಂಟಂಟಾಗಿರುತ್ತೆ, ಎಳೆದರೆ ಹಸಿ ಹಿಟ್ಟಿನ ಥರ ಕಾಣುತ್ತೆ. ನೋಡಿದವರು ಬೆಂದಿಲ್ಲ ಅಂತಾರೆ. ಹತ್ತು ನಿಮಿಷ ಬಿಡು. ಹಬೆ ಆಗಲೂ ಇರುತ್ತೆ, ಪಲ್ಯ ಬಿಸಿ ಹಿಡಿದಿಟ್ಟಿರುತ್ತೆ. ಮುರಿಯುವ ಮೊದಲು ಮೇಲೆ ಸ್ವಲ್ಪ ಬೆಣ್ಣೆ ಸವರು, ಹೊಳಪು ಬರುತ್ತೆ.

ಬಸವನಗುಡಿ_ಬಾಯಿ
ಬೆಣ್ಣೆ ವಿಡಿಯೋಗೆ ಮಾತ್ರವಾ, ಮಾರುವ ಬನ್ನಿಗೂ ಇರುತ್ತಾ? ವಿಡಿಯೋದಲ್ಲಿ ಒಂದು, ಕೈಗೆ ಇನ್ನೊಂದು ಕೊಟ್ಟರೆ ನಾನು ಬಂದು ಕೇಳ್ತೀನಿ.

ಹಳೇ_ಮಾಸ್ಟರ್
ನಾವು ಎಲ್ಲ ಬನ್ನಿಗೂ ಸವರ್ತಿದ್ವಿ ತಾಯಿ.

ತುಮಕೂರು_ಬೇಕರಿ
ಎಲ್ಲದಕ್ಕೂ ಇರುತ್ತೆ. ಇನ್ನೊಂದು ಡೌಟು. "ಪ್ರಿಸರ್ವೇಟಿವ್ ಇಲ್ಲ" ಅಂತ ಹಾಕಬಹುದಾ?

ಲೆಕ್ಕದ_ಪುಟ್ಟಣ್ಣ
ನಿಮ್ಮ ಬ್ರೆಡ್ಡಿಗೆ ಕ್ಯಾಲ್ಸಿಯಂ ಪ್ರೊಪಿಯೋನೇಟ್ ಹಾಕ್ತೀರಾ? ಬನ್ನಿಗೂ ಅದೇ ಹಿಟ್ಟನ್ನೇ ತೆಗೀತೀರಾ?

ತುಮಕೂರು_ಬೇಕರಿ
ಬ್ರೆಡ್ಡಿಗೆ ಹಾಕ್ತೀವಿ. ಬನ್ನಿನ ಹಿಟ್ಟು ಬೇರೆ. ಅಪ್ಪನ್ನ ಒಂದು ಸಲ ಕೇಳ್ತೀನಿ.

ಲೆಕ್ಕದ_ಪುಟ್ಟಣ್ಣ
ಕೇಳಿ. ಅಲ್ಲಿವರೆಗೆ ಬರೀಬೇಡಿ. "ಅವತ್ತೇ ಮಾಡಿದ್ದು, ಅವತ್ತೇ ತಿನ್ನಿ" ಅಂತ ಹಾಕಿ, ಅದು ಹೇಗೂ ನಿಜ.

ಎಡಿಟ್_ಟೇಬಲ್
ಅಕ್ಷರಗಳ ಬಗ್ಗೆ ಒಂದು ಮಾತು. ಸ್ಕ್ರೀನಿನ ಕೆಳಭಾಗಕ್ಕೆ ಏನೂ ಬರೆಯಬೇಡಿ. ಅಲ್ಲಿ ನಿಮ್ಮ ಹೆಸರು, ಕ್ಯಾಪ್ಷನ್ ಬಂದು ಕೂರುತ್ತೆ. ಬಲಗಡೆ ಲೈಕ್, ಶೇರ್ ಗುರುತುಗಳಿರುತ್ತವೆ. ತಾರೀಕು ಮಧ್ಯಕ್ಕಿಂತ ಸ್ವಲ್ಪ ಮೇಲೆ ಇರಲಿ. ಎರಡು ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ, ನಡುವೆ ಜಾಗ ಬಿಡಿ. ಅಪ್ಪ ಅಮ್ಮ ಮಾತಾಡಿದ್ದನ್ನೂ ಬರೆದು ಹಾಕಿ. ಬಸ್ಸಿನಲ್ಲಿ, ಆಫೀಸಿನಲ್ಲಿ ಸದ್ದು ಇಲ್ಲದೆ ನೋಡುವವರು ಬೇಕಾದಷ್ಟು.

ಮಾರ್ಕೆಟಿಂಗ್_ಮಂಜ
ಲೋಗೋ ಎಲ್ಲೂ ಬೇಡ್ವಾ ಹಾಗಾದರೆ? ಸರಣಿ ಅಂತ ಹೇಗೆ ಗೊತ್ತಾಗುತ್ತೆ? ಅವರ ಮೂಲ ಪ್ರಶ್ನೆಯೇ ಅದು.

ಎಡಿಟ್_ಟೇಬಲ್
ಒಳ್ಳೆ ಪ್ರಶ್ನೆ. ಶುರು ಬೇರೆ ಬೇರೆ, ಮುಕ್ತಾಯ ಒಂದೇ. ಕೊನೆಯ ಎರಡು ಸೆಕೆಂಡು ಮೂರರಲ್ಲೂ ಅದೇ ಫ್ರೇಮ್: ಅಂಗಡಿಯ ಮುಂದಿನ ಬೋರ್ಡು, ತಾರೀಕು, ಅದೇ ಬಣ್ಣದ ಅಕ್ಷರ. ಕವರ್ ಫೋಟೋಗೂ ಅದೇ ಬಣ್ಣ ಇದ್ದರೆ ಪ್ರೊಫೈಲಿಗೆ ಬಂದವರಿಗೆ ಮೂರೂ ಒಂದು ಸಾಲಿನಲ್ಲಿ ಕಾಣುತ್ತವೆ. ಗುರುತು ಬೇಕಿರುವುದು ಅಲ್ಲಿ.

ಮಾರ್ಕೆಟಿಂಗ್_ಮಂಜ
ಹ್ಞೂಂ. ಇದನ್ನ ಒಪ್ತೀನಿ. ಪೂರ್ತಿ ಅಲ್ಲ.

ಹುಬ್ಬಳ್ಳಿ_ಮಂದಿ
ವಾಟ್ಸಪ್ ಸ್ಟೇಟಸ್ ಯಾರೂ ಹೇಳವಲ್ಲರಿ. ನಮ್ಮ ಗಿರಾಕಿ ಎಲ್ಲಾ ಅಲ್ಲೇ ಅದಾರ.

ಎಡಿಟ್_ಟೇಬಲ್
ನಿಜ ರೀ, ಅದನ್ನ ಮೊದಲೇ ಹೇಳಬೇಕಿತ್ತು. ಊರಿನ ಅಂಗಡಿಗೆ ಸ್ಟೇಟಸ್ಸೇ ದೊಡ್ಡದು. ಅಲ್ಲಿ "ನಾಳೆ" ಅಂತ ಧೈರ್ಯವಾಗಿ ಹಾಕಬಹುದು, 24 ಗಂಟೆಗೆ ಹೋಗುತ್ತೆ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡುವುದಿದ್ದರೆ ನೆನಪಿಡಿ, ಒಂದು ಲಿಸ್ಟಿಗೆ 256 ಜನ, ಮತ್ತೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ. ಕೌಂಟರಿನಲ್ಲಿ "ನಮ್ಮ ನಂಬರ್ ಸೇವ್ ಮಾಡ್ಕೊಳಿ" ಅಂತ ಚೀಟಿ ಅಂಟಿಸಿ.

ಸಂಜೆ_ಟೀ
ಯಾವ ವಿಡಿಯೋ ನೋಡಿ ಜನ ಬಂದರು ಅಂತ ಹೇಗೆ ಗೊತ್ತಾಗುತ್ತೆ? ವ್ಯೂಸ್ ನೋಡಿದರೆ ಸಾಕಾ?

ಎಡಿಟ್_ಟೇಬಲ್
ವ್ಯೂಸ್ ಸಾಲದು. ಇನ್‌ಸೈಟ್ಸ್‌ನಲ್ಲಿ ಯಾವ ಸೆಕೆಂಡಿಗೆ ಎಷ್ಟು ಜನ ಉಳಿದರು ಅಂತ ಒಂದು ಗೆರೆ ತೋರಿಸುತ್ತೆ. ಮೊದಲ ಎರಡು ಸೆಕೆಂಡಿಗೇ ಗೆರೆ ಧೊಪ್ಪನೆ ಬಿದ್ದರೆ ಹುಕ್ ಹಿಡಿಯಲಿಲ್ಲ ಅಂತ. ಅಲ್ಲಿ ನಿಂತು ಆಮೇಲೆ ಬಿದ್ದರೆ ಹುಕ್ ಸರಿಯಿತ್ತು, ಹೇಳಿದ್ದನ್ನು ಕೊಡೋಕೆ ತಡ ಮಾಡಿದಿರಿ ಅಂತ. ಕೌಂಟರಿನಲ್ಲಿ "ಎಲ್ಲಿ ನೋಡಿದ್ರಿ?" ಅಂತ ಕೇಳಿ, ಬಿಲ್ ಪುಸ್ತಕದ ಹಿಂದೆ ಗೀಟು ಹಾಕಿ. "ಹಿದುಕೋ ವಿಡಿಯೋ", "ನಿಮ್ಮಪ್ಪ ಬೈದ ವಿಡಿಯೋ" ಅಂತ ಅವರೇ ಹೇಳ್ತಾರೆ. ಮೂರೂ ಬೇರೆ ಥರ ಇದ್ದಾಗ ಮಾತ್ರ ಹೀಗೆ ಗೊತ್ತಾಗೋದು. ಮೂರರಲ್ಲೂ ಕಪ್ಪು ಸ್ಕ್ರೀನ್ ಇದ್ದರೆ ಏನಂತ ಹೇಳ್ತಾರೆ?

ತುಮಕೂರು_ಬೇಕರಿ
ಸರಿ, ಮಂಗಳವಾರ ಶೂಟ್ ಮಾಡ್ತೀವಿ. ಅಪ್ಪ ಒಪ್ಪಿದ್ದಾರೆ. ಅಮ್ಮ ಹೊಸ ಸೀರೆ ಕೇಳ್ತಿದ್ದಾರೆ.

ಸಂಜೆ_ಟೀ
ಕೊಡಿಸಿ. ಪ್ರೊಡಕ್ಷನ್ ಖರ್ಚು.

*ಭಾನುವಾರ*

ತುಮಕೂರು_ಬೇಕರಿ
ನಿನ್ನೆ ಆದದ್ದು ಹೇಳ್ತೀನಿ. ನಾಲ್ಕರ ಓವನ್ ಐದಕ್ಕೆ ಮೊದಲೇ ಖಾಲಿ. ಐದೂವರೆಯದು ಸ್ವಲ್ಪ ನಿಧಾನ, ಏಳರ ಹೊತ್ತಿಗೆ ಮುಗೀತು. ಬಿಲ್ ಪುಸ್ತಕದ ಗೀಟು ನೋಡಿದರೆ ಜಾಸ್ತಿ ಜನ ವಾಟ್ಸಪ್ ಸ್ಟೇಟಸ್ ಅಂದಿದ್ದಾರೆ. ಸ್ಟೇಟಸ್‌ನಲ್ಲಿ ಇದ್ದದ್ದೂ ಇವೇ ವಿಡಿಯೋ, ಹಾಗಾಗಿ ಯಾವುದಕ್ಕೆ ಲೆಕ್ಕ ಅಂತ ಗೊತ್ತಾಗ್ತಿಲ್ಲ. ರೀಲಿನಲ್ಲಿ ಹಿದುಕುವುದಕ್ಕೇ ಜಾಸ್ತಿ ವ್ಯೂಸ್, ಆದರೆ ಕೆಳಗೆಲ್ಲ ಬೆಂಗಳೂರಿನವರು, "ನಮ್ಮಜ್ಜಿ ನೆನಪು" ಅಂತ. ಅವರು ಯಾರೂ ತುಮಕೂರಿಗೆ ಬನ್ ತಿನ್ನೋಕೆ ಬರಲ್ಲ. ಮುರಿಯುವ ವಿಡಿಯೋಗೆ ವ್ಯೂಸ್ ಕಮ್ಮಿ, ಅದನ್ನ ನೋಡಿದ್ದು ಊರಿನವರು. ಈರುಳ್ಳಿ ಜಗಳ ಇನ್ನೂ ನಡೀತಿದೆ.

ಮಾರ್ಕೆಟಿಂಗ್_ಮಂಜ
ನೋಡಿದ್ರಾ, ಬನ್ ಮೊದಲ ಫ್ರೇಮಿನಲ್ಲಿ ಇದ್ದದ್ದೇ ಗಿರಾಕಿ ತಂದಿದ್ದು.

ಎಡಿಟ್_ಟೇಬಲ್
ಅದು ಮಾರಾಟದ ಹಿಂದಿನ ದಿನ ಹಾಕಿದ್ದು, ಬೆಲೆ ಹೊತ್ತು ಎಲ್ಲ ಇದ್ದದ್ದು. ಬುಧವಾರ ಅದನ್ನೇ ಹಾಕಿದ್ದರೆ ಏನಾಗುತ್ತಿತ್ತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ತುಮಕೂರಿನವರೇ, ಹಿದುಕುವ ವಿಡಿಯೋ ಇನ್ನೂ ಓಡುತ್ತಿದ್ದರೆ ಅದರಲ್ಲಿ 10ನೇ ತಾರೀಕು ಅಂತ ಇದೆ. ವಿಡಿಯೋ ಮೇಲಿನದ್ದು ಬದಲಾಯಿಸೋಕಾಗಲ್ಲ, ಕ್ಯಾಪ್ಷನ್ ಬದಲಾಯಿಸಬಹುದು. "ಅವರೆ ಸೀಸನ್ ಮುಗಿಯುವವರೆಗೆ ದಿನಾ ಸಂಜೆ 4ಕ್ಕೆ" ಅಂತ ಮೊದಲ ಸಾಲಿಗೇ ಹಾಕಿ, ಒಂದು ಕಾಮೆಂಟೂ ಪಿನ್ ಮಾಡಿ.

ಹುಬ್ಬಳ್ಳಿ_ಮಂದಿ
ಕೊರಿಯರ್ ಮಾಡ್ತೀರೇನ್ರಿ?

ತುಮಕೂರು_ಬೇಕರಿ
ಇಲ್ಲ ಅಣ್ಣ, ಬೇಳೆ ಪಲ್ಯ ಮಾರನೇ ದಿನಕ್ಕೆ ಹುಳಿ ವಾಸನೆ ಬರುತ್ತೆ. ಬಂದರೆ ಎತ್ತಿಟ್ಟಿರ್ತೀನಿ. ಮೇಡಂ, ಎರಡನೇ ವಿಡಿಯೋದ ಗೆರೆ ಮಾತ್ರ ನಾಲ್ಕನೇ ಸೆಕೆಂಡಿಗೆ ಬೀಳ್ತಿದೆ. ಮೊದಲು ಚೆನ್ನಾಗೇ ನಿಂತಿದೆ.

ಎಡಿಟ್_ಟೇಬಲ್
ನಾಲ್ಕನೇ ಸೆಕೆಂಡಿನಲ್ಲಿ ಏನಿದೆ?

ತುಮಕೂರು_ಬೇಕರಿ
ಅಪ್ಪ ಮಾತು ಮುಗಿಸಿ ಕನ್ನಡಕ ತೆಗೆದು ಒರೆಸ್ತಾರೆ. ಆಮೇಲೆ ಅಮ್ಮ ಬರ್ತಾರೆ.

ಎಡಿಟ್_ಟೇಬಲ್
ಅಷ್ಟು ಹೊತ್ತು ಯಾಕೆ ಬಿಟ್ರಿ? ಮುಂದಿನ ಸಲ ಕನ್ನಡಕ ಕಟ್ ಮಾಡಿ.

ತುಮಕೂರು_ಬೇಕರಿ
ಹೇಳಿ ನೋಡಿದೆ. ಅದೇ ಚೆನ್ನಾಗಿ ಬಂದಿರೋದು ಅಂತಿದ್ದಾರೆ ಅಪ್ಪ.